ಸೈಕಲ್ ಟೈರಿಗೆ ಎಷ್ಟು ಗಾಳಿ? 25ರ ರೋಡ್ ಟೈರ್, 35ರ ಹೈಬ್ರಿಡ್ ಟೈರ್: ಪದೇ ಪದೇ ಕೇಳುವ ಪ್ರಶ್ನೆಗಳು

ಪುಣೆ, ಮುಂಬೈ, ಗೋವಾದಲ್ಲಿ ಸೈಕಲ್ ಹೊಡೆಯುವ ಕನ್ನಡಿಗರು ಗಾಳಿಯ ಬಗ್ಗೆ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇಲ್ಲಿವೆ. ಉದ್ದಕ್ಕೂ ಒಂದೇ ಉದಾಹರಣೆಯನ್ನು ಹಿಡಿದುಕೊಂಡಿದ್ದೇವೆ. 70 ಕಿಲೋ ತೂಕದ ಸವಾರರು ಒಬ್ಬರಿದ್ದಾರೆ ಎಂದಿಟ್ಟುಕೊಳ್ಳಿ. ವಾರದ ದಿನಗಳಲ್ಲಿ ಕೊತ್ರೂಡ್‌ನಿಂದ ಹಿಂಜವಾಡಿಗೆ 35 ಮಿಲಿಮೀಟರ್ ಟೈರಿನ ಹೈಬ್ರಿಡ್‌ನಲ್ಲಿ ಹೋಗುತ್ತಾರೆ. ಭಾನುವಾರ ಬೆಳಿಗ್ಗೆ 25 ಮಿಲಿಮೀಟರ್ ಟೈರಿನ ರೋಡ್ ಬೈಕ್ ತೆಗೆದುಕೊಂಡು ಖಡಕ್ವಾಸ್ಲಾ ದಾಟಿ ಸಿಂಹಗಡದ ಕಡೆಗೆ ಹೊರಡುತ್ತಾರೆ. ಸವಾರ ಒಬ್ಬರೇ ಆದರೂ ಎರಡು ಸೈಕಲ್‌ಗಳಿಗೆ ಬೇಕಾದ ಒತ್ತಡ ಬೇರೆ ಬೇರೆ. ಒತ್ತಡವನ್ನು ಪಿಎಸ್ಐ, ಅಂದರೆ ಪ್ರತಿ ಚದರ ಇಂಚಿಗೆ ಎಷ್ಟು ಪೌಂಡ್ ಎಂಬ ಲೆಕ್ಕದಲ್ಲಿ ಹೇಳಿದ್ದೇವೆ.

ಹೈಬ್ರಿಡ್ ಟೈರಿನ ಪಕ್ಕೆಯ ಮೇಲೆ 85 ಪಿಎಸ್ಐ ಎಂದು ಬರೆದಿದೆ. ಅಷ್ಟೇ ಹೊಡೆಸಬೇಕಲ್ಲವೇ?

ಅಲ್ಲ. ಅದು ದಾಟಬಾರದ ಗೆರೆ. ಕಂಪನಿಯವರು 'ಮ್ಯಾಕ್ಸಿಮಮ್' ಎಂದು ಅಚ್ಚು ಹಾಕಿದ ಅಂಕಿಗೆ 'ಇದಕ್ಕಿಂತ ಹೆಚ್ಚು ಹಾಕಬೇಡಿ' ಎಂಬುದೊಂದೇ ಅರ್ಥ. ಅದೇ ಟೈರನ್ನು 50 ಕಿಲೋದ ಕಾಲೇಜು ಹುಡುಗಿಯೂ 95 ಕಿಲೋದ ಗೃಹಸ್ಥರೂ ಹಾಕಿಕೊಳ್ಳುತ್ತಾರೆ. ಇಬ್ಬರಿಗೂ ಒಂದೇ ಒತ್ತಡ ಹೊಂದುವುದು ಸಾಧ್ಯವಿಲ್ಲ. ಕೆಲವು ಟೈರ್‌ಗಳ ಮೇಲೆ ಕನಿಷ್ಠ ಅಂಕಿಯೂ ಇರುತ್ತದೆ, ಉದಾಹರಣೆಗೆ 50ರಿಂದ 85. ನಿಮಗೆ ಬೇಕಾದದ್ದು ಈ ಎರಡರ ನಡುವೆ ಎಲ್ಲೋ ಇದೆ, ಅದನ್ನು ಹುಡುಕಬೇಕು.

ನಮ್ಮ ಅನುಭವದಲ್ಲಿ ಹೈಬ್ರಿಡ್ ಸವಾರರ ಅತಿ ಸಾಮಾನ್ಯ ತಪ್ಪು ಇದೇ: 35ರ ಟೈರಿಗೆ 80, 85 ಹೊಡೆಸಿಬಿಡುವುದು. ಆಮೇಲೆ 'ಸೈಕಲ್ ತುಂಬಾ ಕುಲುಕುತ್ತದೆ, ಕೈ ಜೋಮು ಹಿಡಿಯುತ್ತದೆ' ಎಂದು ಸೀಟು ಬದಲಿಸುತ್ತಾರೆ, ಗ್ರಿಪ್ ಬದಲಿಸುತ್ತಾರೆ, ಜೆಲ್ ಕವರ್ ಹಾಕಿಸುತ್ತಾರೆ. 25 ಪಿಎಸ್ಐ ಗಾಳಿ ಬಿಟ್ಟಿದ್ದರೆ ಇಷ್ಟೆಲ್ಲ ಬೇಕಾಗುತ್ತಿರಲಿಲ್ಲ.

ಹಾಗಾದರೆ ಆ 70 ಕಿಲೋ ಸವಾರರಿಗೆ ಎಷ್ಟು ಬೇಕು?

ಲೆಕ್ಕ ಶುರುವಾಗುವುದು ಗಾಲಿಯ ಮೇಲೆ ಬೀಳುವ ಭಾರದಿಂದ. ಹೈಬ್ರಿಡ್ ಸುಮಾರು 14 ಕಿಲೋ, ಲ್ಯಾಪ್‌ಟಾಪ್ ಬ್ಯಾಗು ಮತ್ತು ನೀರಿನ ಬಾಟಲಿ 4 ಕಿಲೋ ಎಂದುಕೊಳ್ಳೋಣ. ಒಟ್ಟು 88 ಕಿಲೋ ಆಯಿತು. ಹೈಬ್ರಿಡ್‌ನಲ್ಲಿ ಬೆನ್ನು ನೆಟ್ಟಗಿರುತ್ತದೆ, ಹಾಗಾಗಿ ಭಾರದ ಹೆಚ್ಚಿನ ಪಾಲು ಹಿಂದಿನ ಗಾಲಿಗೆ ಹೋಗುತ್ತದೆ. ಸುಮಾರು 53 ಕಿಲೋ ಹಿಂದೆ, 35 ಕಿಲೋ ಮುಂದೆ. ಈ ಭಾರಕ್ಕೆ 35ರ ಟೈರಿನಲ್ಲಿ ಹಿಂದೆ 55ರಿಂದ 58, ಮುಂದೆ 40ರಿಂದ 43 ಪಿಎಸ್ಐ ಒಳ್ಳೆಯ ಆರಂಭ.

ಮುಂದಿನದಕ್ಕೆ ಬರೀ ಭಾರದ ಲೆಕ್ಕ ಹಾಕಿದರೆ 36 ಬರುತ್ತದೆ. ಆದರೆ ಜೋರಾಗಿ ಬ್ರೇಕ್ ಹಿಡಿದಾಗ ಮೈಭಾರ ಮುಂದಕ್ಕೆ ನುಗ್ಗುತ್ತದೆ, ಅದೇ ಹೊತ್ತಿಗೆ ಮುಂದಿನ ಗಾಲಿ ಗುಂಡಿಗೂ ಬಿದ್ದರೆ ರಿಮ್ ನೆಲಕ್ಕೆ ಬಡಿಯುತ್ತದೆ. ಅದಕ್ಕಾಗಿ ಐದಾರು ಪಿಎಸ್ಐ ಸೇರಿಸಿದ್ದೇವೆ.

ಭಾನುವಾರದ ರೋಡ್ ಬೈಕ್ 9 ಕಿಲೋ, ಬಾಟಲಿ ಮತ್ತು ಟೂಲ್ಸ್ 2 ಕಿಲೋ. ಒಟ್ಟು 81. ಇಲ್ಲಿ ಮೈ ಮುಂದಕ್ಕೆ ಬಾಗಿರುವುದರಿಂದ ಪಾಲು ಸ್ವಲ್ಪ ಸಮನಾಗುತ್ತದೆ: ಹಿಂದೆ 44ರಿಂದ 45 ಕಿಲೋ, ಮುಂದೆ 36ರಿಂದ 37. 25ರ ಟೈರಿಗೆ ಹಿಂದೆ 85ರಿಂದ 88, ಮುಂದೆ 73ರಿಂದ 76 ಪಿಎಸ್ಐ.

ನಿಮ್ಮ ತೂಕ ಬೇರೆಯಾಗಿದ್ದರೆ ಹೀಗೆ ಹೊಂದಿಸಿಕೊಳ್ಳಿ. ಪ್ರತಿ 5 ಕಿಲೋ ವ್ಯತ್ಯಾಸಕ್ಕೆ 25ರ ಟೈರಿನಲ್ಲಿ ಹಿಂದೆ 5ರಿಂದ 6 ಪಿಎಸ್ಐ ಹೆಚ್ಚು ಅಥವಾ ಕಡಿಮೆ ಮಾಡಿ, 35ರಲ್ಲಿ 3ರಿಂದ 4 ಸಾಕು. ಮುಂದಿನದಕ್ಕೆ ಇದಕ್ಕಿಂತ ಸ್ವಲ್ಪ ಕಡಿಮೆ. ಏನೇ ಲೆಕ್ಕ ಬಂದರೂ ಟೈರಿನ ಮೇಲಿನ ಗರಿಷ್ಠವನ್ನು ದಾಟಬಾರದು, ಕನಿಷ್ಠ ಬರೆದಿದ್ದರೆ ಅದರ ಕೆಳಗೂ ಇಳಿಯಬಾರದು, ರಿಮ್ ಮೇಲೆ ಬೇರೆ ಗರಿಷ್ಠ ಬರೆದಿದ್ದರೆ ಎರಡರಲ್ಲಿ ಚಿಕ್ಕದನ್ನೇ ಪಾಲಿಸಬೇಕು. ಹೊಸ ಬಗೆಯ ಹುಕ್‌ಲೆಸ್ ರಿಮ್, ಅಂದರೆ ಟೈರಿನ ಅಂಚನ್ನು ಹಿಡಿಯುವ ಕೊಕ್ಕೆಯಿಲ್ಲದ ರಿಮ್, ಇರುವವರಿಗೆ ಮಿತಿ 72.5 ಪಿಎಸ್ಐ, ಅಂದರೆ 5 ಬಾರ್. ಅಂಥ ರಿಮ್‌ಗೆ ಮೇಲೆ ಹೇಳಿದ 85 ಹಾಕಿದರೆ ಟೈರ್ ಕಳಚಿಕೊಳ್ಳುವ ಅಪಾಯವಿದೆ.

ಅಗಲ ಟೈರಿಗೆ ಹೆಚ್ಚು ಗಾಳಿ ಹಿಡಿಯುತ್ತದೆ. ಮತ್ತೆ ಒತ್ತಡ ಯಾಕೆ ಕಡಿಮೆ?

ಗಾಳಿಯ ಪ್ರಮಾಣ ಬೇರೆ, ಒತ್ತಡ ಬೇರೆ. 25ರ ಟೈರಿನ ಹೊಟ್ಟೆಯಲ್ಲಿ ಸುಮಾರು 1 ಲೀಟರ್ ಜಾಗವಿದೆ, 35ರದರಲ್ಲಿ ಸುಮಾರು 2 ಲೀಟರ್. ಅಗಲ ಟೈರಿಗೆ ಪಂಪನ್ನು ಹೆಚ್ಚು ಸಲ ಒತ್ತಬೇಕಾಗುತ್ತದೆ ನಿಜ. ಆದರೆ ಪಂಪಿನ ಮುಳ್ಳು ತೋರಿಸುವುದು ಎಷ್ಟು ಸಲ ಒತ್ತಿದಿರಿ ಎಂಬುದನ್ನಲ್ಲ, ಒಳಗಿನ ಗಾಳಿ ಪ್ರತಿ ಚದರ ಇಂಚನ್ನು ಎಷ್ಟು ಬಲದಿಂದ ತಳ್ಳುತ್ತಿದೆ ಎಂಬುದನ್ನು.

ಟೈರ್ ಎಷ್ಟು ಗಟ್ಟಿಯಾಗಿ ಅನ್ನಿಸುತ್ತದೆ ಎಂಬುದು ಅದರ ಬಟ್ಟೆ, ಅಂದರೆ ರಬ್ಬರಿನ ಕೆಳಗಿರುವ ನೂಲಿನ ಪದರ, ಎಷ್ಟು ಬಿಗಿಯಾಗಿ ಎಳೆದುಕೊಂಡಿದೆ ಎಂಬುದರ ಮೇಲೆ ನಿಂತಿದೆ. ಆ ಬಿಗಿತ ಒತ್ತಡ ಏರಿದರೂ ಹೆಚ್ಚುತ್ತದೆ, ಕೊಳವೆ ದಪ್ಪವಾದರೂ ಹೆಚ್ಚುತ್ತದೆ. ಆದ್ದರಿಂದಲೇ ಒಂದೇ 80 ಪಿಎಸ್ಐ ಹಾಕಿದರೆ 25ರದಕ್ಕಿಂತ 35ರದು ಹೆಚ್ಚು ಕಲ್ಲಾಗುತ್ತದೆ. ಟೈರಿನ ಅಗಲ ಹೇಳದೆ ಬರೀ '80 ಹಾಕಿ' ಎನ್ನುವ ಸಲಹೆಗೆ ಅರ್ಥವಿಲ್ಲ.

ಇನ್ನೊಂದು ಕಡೆಯಿಂದಲೂ ನೋಡಬಹುದು. ಟೈರ್ ನೆಲಕ್ಕೆ ತಾಗುವ ಜಾಗದ ವಿಸ್ತಾರವೆಂದರೆ ಸುಮಾರಾಗಿ ಭಾರವನ್ನು ಒತ್ತಡದಿಂದ ಭಾಗಿಸಿದಷ್ಟು. ನಮ್ಮ ಸವಾರರ ಹೈಬ್ರಿಡ್ ಹಿಂಗಾಲಿಗೆ 85 ಪಿಎಸ್ಐ ಹಾಕಿದರೆ ನೆಲ ಮುಟ್ಟುವುದು ಸುಮಾರು 9 ಚದರ ಸೆಂಟಿಮೀಟರ್. 55ಕ್ಕೆ ಇಳಿಸಿದರೆ ಸುಮಾರು 14. ಟೈರ್ ಅದೇ, ಸವಾರರೂ ಅವರೇ, ನೆಲದ ಮೇಲೆ ಕೂರುವ ರಬ್ಬರ್ ಮಾತ್ರ ಒಂದೂವರೆ ಪಟ್ಟು.

ನನ್ನ ಟೈರ್ ಎಷ್ಟು ಅಗಲ ಎಂದು ಎಲ್ಲಿ ನೋಡಬೇಕು?

ಪಕ್ಕೆಯ ಮೇಲೆ 25-622 ಅಥವಾ 37-622 ಎಂಬಂಥ ಜೋಡಿ ಅಂಕಿ ಇರುತ್ತದೆ. ಮೊದಲನೆಯದು ಮಿಲಿಮೀಟರ್‌ನಲ್ಲಿ ಅಗಲ, ಎರಡನೆಯದು ರಿಮ್ ಮೇಲೆ ಟೈರ್ ಕೂರುವ ಜಾಗದ ವ್ಯಾಸ. ರೋಡ್ ಮತ್ತು ಹೈಬ್ರಿಡ್ ಎರಡಕ್ಕೂ ಸಾಮಾನ್ಯವಾಗಿ 622. ಅಂಗಡಿಯಲ್ಲಿ ಇದನ್ನೇ 700 ಸಿ ಎನ್ನುತ್ತಾರೆ. ಒಳಅಗಲ ಹೆಚ್ಚಿರುವ ರಿಮ್ ಮೇಲೆ ಕೂರಿಸಿದರೆ 25 ಎಂದು ಬರೆದ ಟೈರ್ ನಿಜವಾಗಿ 26, 27 ಆಗಿಬಿಡುತ್ತದೆ. ವರ್ನಿಯರ್ ಇದ್ದರೆ ಗಾಳಿ ತುಂಬಿಸಿ ಅಳೆಯಿರಿ. ಅಳತೆಗೆ ಸಿಕ್ಕಿದ ಅಗಲವೇ ಲೆಕ್ಕಕ್ಕೆ ಬರುವುದು.

ಅಂಕಿ ನನಗೆ ಸರಿಹೊಂದಿದೆಯೇ ಎಂದು ಮನೆಯಲ್ಲೇ ಪರೀಕ್ಷಿಸಬಹುದೇ?

ಖಂಡಿತ. ಮೇಲಿನ ಅಂಕಿಗಳ ಹಿಂದೆ ಇರುವುದು ಹಳೆಯ ಮತ್ತು ನಂಬಬಹುದಾದ ಒಂದು ಸೂತ್ರ: ಸವಾರರು ಕೂತಾಗ ಟೈರ್ ತನ್ನ ಎತ್ತರದ ಸುಮಾರು 15 ಶೇಕಡಾ ಕುಗ್ಗಬೇಕು. ಅಮೆರಿಕದ ಫ್ರ್ಯಾಂಕ್ ಬರ್ಟೊ ಟೈರ್‌ಗಳನ್ನು ಅಳೆದು ಬಳಕೆಗೆ ತಂದ ಅಳತೆ ಅದು. 35ರ ಟೈರಿಗೆ 15 ಶೇಕಡಾ ಎಂದರೆ 5 ಮಿಲಿಮೀಟರ್‌ಗಿಂತ ತುಸು ಹೆಚ್ಚು. 25ಕ್ಕೆ 4 ಮಿಲಿಮೀಟರ್‌ಗೆ ತುಸು ಕಡಿಮೆ.

ಬೇಕಾಗುವುದು ಒಂದು ಸ್ಟೀಲ್ ಸ್ಕೇಲು, ಒಂದು ಗೋಡೆ, ಸಹಾಯಕ್ಕೆ ಮನೆಯವರೊಬ್ಬರು. ಟೈಲ್ಸ್ ಅಥವಾ ಸಿಮೆಂಟ್ ನೆಲದ ಮೇಲೆ ಸೈಕಲ್ಲನ್ನು ಗೋಡೆಯ ಪಕ್ಕ ನಿಲ್ಲಿಸಿ. ಗಾಲಿಯ ತೀರಾ ಕೆಳಗೆ, ನೆಲದಿಂದ ರಿಮ್ ಅಂಚಿನವರೆಗೆ ಎಷ್ಟಿದೆ ಎಂದು ಅಳೆದು ಬರೆದುಕೊಳ್ಳಿ. ಈಗ ಬ್ಯಾಗು, ಬಾಟಲಿ ಎಲ್ಲ ಏರಿಸಿ, ಮೊಣಕೈ ಗೋಡೆಗೆ ಆನಿಸಿ, ದಿನಾ ಹೇಗೆ ಕೂರುತ್ತೀರೋ ಹಾಗೇ ಕೂತು ಎರಡೂ ಕಾಲನ್ನು ಪೆಡಲ್ ಮೇಲಿಡಿ. ಸಹಾಯಕರು ಅದೇ ಜಾಗವನ್ನು ಮತ್ತೆ ಅಳೆಯಲಿ. ಎರಡರ ವ್ಯತ್ಯಾಸವೇ ಟೈರ್ ಕುಗ್ಗಿದ ಅಳತೆ. ಹಿಂದಿನ ಗಾಲಿ ಮುಗಿದ ಮೇಲೆ ಮುಂದಿನದಕ್ಕೂ ಇದನ್ನೇ ಮಾಡಿ.

35ರ ಟೈರಿನಲ್ಲಿ ವ್ಯತ್ಯಾಸ 2 ಮಿಲಿಮೀಟರ್ ಬಂದರೆ ಗಾಳಿ ಹೆಚ್ಚಾಗಿದೆ, 8 ಬಂದರೆ ಕಡಿಮೆಯಾಗಿದೆ. ಮುಂದಿನ ಗಾಲಿ 15 ಶೇಕಡಾಕ್ಕಿಂತ ಸ್ವಲ್ಪ ಕಡಿಮೆ ಕುಗ್ಗಿದರೂ ಇರಲಿ ಬಿಡಿ, ಕಾರಣವನ್ನು ಮೇಲೆ ಹೇಳಿದ್ದೇವೆ. 25ರ ಟೈರಿನಲ್ಲಿ ಅರ್ಧ ಮಿಲಿಮೀಟರ್ ತಪ್ಪು ಓದಿದರೂ ಲೆಕ್ಕ ಬದಲಾಗುತ್ತದೆ, ಆದ್ದರಿಂದ ಮೂರು ಸಲ ಅಳೆದು ನಡುವಿನ ಅಂಕಿ ತೆಗೆದುಕೊಳ್ಳಿ.

ನಂತರದ ಪರೀಕ್ಷೆ ರಸ್ತೆಯಲ್ಲಿ. ನೀವು ದಿನಾ ಹೋಗುವ ದಾರಿಯಲ್ಲೇ ಒಂದು ಕಿಲೋಮೀಟರ್ ಆರಿಸಿಕೊಳ್ಳಿ. ಅದರಲ್ಲಿ ಸ್ವಲ್ಪ ಒರಟು ಡಾಂಬರು, ಒಂದೆರಡು ಹಂಪ್ಸ್, ಒಂದು ತಿರುವು ಇರಲಿ. ಲೆಕ್ಕದ ಒತ್ತಡದಲ್ಲಿ ಒಮ್ಮೆ, 5 ಪಿಎಸ್ಐ ಕಡಿಮೆ ಮಾಡಿ ಒಮ್ಮೆ, 5 ಹೆಚ್ಚು ಮಾಡಿ ಒಮ್ಮೆ ಹೋಗಿ ಬನ್ನಿ. ಗಾಳಿ ಹೆಚ್ಚಾಗಿದ್ದರೆ ಹ್ಯಾಂಡಲ್‌ನಲ್ಲಿ ಸಣ್ಣ ನಡುಕ ನಿಲ್ಲುವುದೇ ಇಲ್ಲ, ಒರಟು ಜಾಗದಲ್ಲಿ ಗಾಲಿ ನೆಗೆಯುತ್ತದೆ, ಹಿಂದಿನ ಬ್ರೇಕ್ ಹಿಡಿದ ಕೂಡಲೇ ಗಾಲಿ ಲಾಕ್ ಆಗಿ ಎಳೆಯುತ್ತದೆ. ಕಡಿಮೆಯಾಗಿದ್ದರೆ ತಿರುವಿನಲ್ಲಿ ಸೈಕಲ್ ಅತ್ತಿತ್ತ ಓಲಾಡಿದ ಹಾಗಾಗುತ್ತದೆ, ಎದ್ದು ನಿಂತು ತುಳಿದಾಗ ಹಿಂದಿನ ಟೈರ್ ಕುಪ್ಪಳಿಸುತ್ತದೆ, ಹಂಪ್ಸ್ ಅಂಚಿನಲ್ಲಿ 'ಠಕ್' ಎಂದು ರಿಮ್ ಬಡಿದ ಸದ್ದು ಕೇಳುತ್ತದೆ. ಆ ಸದ್ದು ಒಂದು ಸಲ ಕೇಳಿದರೂ ಸಾಕು, 5 ಪಿಎಸ್ಐ ಏರಿಸಿ.

ಹೆಬ್ಬೆರಳಿನಿಂದ ಒತ್ತಿ ನೋಡಿದರೆ ಗೊತ್ತಾಗುವುದಿಲ್ಲವೇ?

ಪೂರ್ತಿ ಗಾಳಿ ಹೋಗಿದೆಯೇ ಇಲ್ಲವೇ ಎನ್ನುವುದು ಗೊತ್ತಾಗುತ್ತದೆ, ಅಷ್ಟೇ. 50 ದಾಟಿದ ಮೇಲೆ 60, 75, 90 ಎಲ್ಲವೂ ಬೆರಳಿಗೆ ಒಂದೇ. ಮೇಲಾಗಿ ಅಗಲ ಟೈರ್ ಕಡಿಮೆ ಒತ್ತಡದಲ್ಲೂ ಗಟ್ಟಿಯಾಗಿ ಅನ್ನಿಸುವುದರಿಂದ ಎರಡು ಸೈಕಲ್ ಇರುವವರಿಗೆ ಬೆರಳು ಖಂಡಿತ ಮೋಸ ಮಾಡುತ್ತದೆ. ಮುಳ್ಳಿರುವ ನಿಲ್ಲುವ ಪಂಪು ಮನೆಯಲ್ಲಿರಲಿ. ಒಂದು ಪಂಪು ಮತ್ತೊಂದಕ್ಕಿಂತ 3, 4 ಪಿಎಸ್ಐ ಹೆಚ್ಚುಕಡಿಮೆ ತೋರಿಸಬಹುದು. ಅದು ದೊಡ್ಡ ತೊಂದರೆಯಲ್ಲ, ಯಾವಾಗಲೂ ಒಂದೇ ಪಂಪಿನಲ್ಲಿ ನೋಡಿದರೆ ಆಯಿತು.

ಪಂಪು ಜೋಡಿಸಿದ ಕ್ಷಣ ಮುಳ್ಳು ನಿನ್ನೆಗಿಂತ ಬಹಳ ಕೆಳಗೆ ತೋರಿಸಿದರೆ ಗಾಬರಿಯಾಗಬೇಡಿ. ಟ್ಯೂಬಿನ ಗಾಳಿ ಸ್ವಲ್ಪ ಪಂಪಿನ ಪೈಪಿನೊಳಗೆ ಬಂದಿರುತ್ತದೆ, 1 ಲೀಟರ್ ಹೊಟ್ಟೆಯ ಸಣ್ಣ ಟೈರಿನಲ್ಲಿ ಆ ಸ್ವಲ್ಪವೂ ಎದ್ದು ಕಾಣುತ್ತದೆ. ರೋಡ್ ಬೈಕಿನ ತೆಳ್ಳನೆಯ ಪ್ರೆಸ್ಟಾ ವಾಲ್ವ್‌ನಲ್ಲಿ ಇನ್ನೊಂದು ತೊಡಕಿದೆ. ಮೇಲಿನ ತಿರುಪು ಸಡಿಲಿಸಿದರೂ ಒಳಗಿನ ಕಡ್ಡಿ ಅಂಟಿಕೊಂಡಿರುತ್ತದೆ, ಮುಳ್ಳು ಅಲುಗುವುದೇ ಇಲ್ಲ. ಪಂಪು ಹಾಕುವ ಮೊದಲು ಆ ಕಡ್ಡಿಯನ್ನು ಒಮ್ಮೆ ಒತ್ತಿ 'ಪುಸ್' ಎಂದು ತುಸು ಗಾಳಿ ಬಿಡಿ. ಪಂಪು ತೆಗೆಯುವಾಗ ಕೇಳುವ ಸದ್ದು ಬಹುಪಾಲು ಪೈಪಿನ ಗಾಳಿಯದು, ಟೈರಿನದಲ್ಲ.

ಗಟ್ಟಿ ಟೈರ್ ವೇಗವಾಗಿ ಓಡುವುದಿಲ್ಲವೇ?

ನುಣುಪಾದ ಉಕ್ಕಿನ ಡ್ರಮ್ ಮೇಲೆ ಉರುಳಿಸಿದರೆ ಹೌದು. ಒತ್ತಡ ಹೆಚ್ಚಿದಷ್ಟೂ ರಬ್ಬರ್ ಕಡಿಮೆ ಬಾಗುತ್ತದೆ, ಕಡಿಮೆ ಶಕ್ತಿ ಹಾಳಾಗುತ್ತದೆ. ಆದರೆ ರಸ್ತೆ ಡ್ರಮ್ ಅಲ್ಲ. ಒರಟು ಡಾಂಬರಿನ ಮೇಲೆ ಕಲ್ಲಾದ ಟೈರ್ ಪ್ರತಿ ಸಣ್ಣ ಉಬ್ಬಿಗೂ ಸೈಕಲ್ಲನ್ನೂ ಸವಾರರನ್ನೂ ಮೇಲಕ್ಕೆತ್ತಿ ಇಳಿಸುತ್ತದೆ. ಹಾಗೆ ಎತ್ತುವ ಶಕ್ತಿ ನಿಮ್ಮ ಕಾಲಿನದೇ, ಅದು ನಿಮ್ಮ ಮಾಂಸಖಂಡಗಳ ನಡುಕದಲ್ಲಿ ಕರಗಿಹೋಗುತ್ತದೆ. ಸರಿಯಾದ ಒತ್ತಡದ ಟೈರ್ ಉಬ್ಬನ್ನು ತಾನೇ ನುಂಗಿ ಮುಂದೆ ಸಾಗುತ್ತದೆ. ಆದ್ದರಿಂದ ಪ್ರತಿ ರಸ್ತೆಗೂ ಒಂದು ಎಲ್ಲೆಯಿದೆ. ಅಲ್ಲಿಯವರೆಗೆ ಗಾಳಿ ಏರಿಸಿದರೆ ಲಾಭ, ಅದನ್ನು ದಾಟಿದರೆ ನಷ್ಟ. ಆ ನಷ್ಟ ಬೇಗ ಬೆಳೆಯುತ್ತದೆ. ಅದಕ್ಕೇ ಸಂದೇಹವಿದ್ದಾಗ 5 ಪಿಎಸ್ಐ ಕಡಿಮೆಯ ಕಡೆಗೇ ಇರಿ ಎನ್ನುತ್ತೇವೆ.

ನವಿ ಮುಂಬೈಯ ಪಾಮ್ ಬೀಚ್ ರಸ್ತೆಯಂಥ ನುಣುಪು ರಸ್ತೆಯಲ್ಲಿ 25ರ ಟೈರಿಗೆ ಲೆಕ್ಕಕ್ಕಿಂತ 4, 5 ಹೆಚ್ಚಿದ್ದರೂ ನಡೆಯುತ್ತದೆ. ಆದರೆ ಅದೇ ಗಾಳಿಯಲ್ಲಿ ಪೇವರ್ ಬ್ಲಾಕ್ ಹಾಸಿದ ಗಲ್ಲಿಗೆ ತಿರುಗಿದರೆ ಹಲ್ಲು ಕಟಕಟಿಸುತ್ತದೆ. ಗಟ್ಟಿ ಟೈರ್ ವೇಗವಾಗಿದೆ ಎಂಬ ಭಾವನೆ ಬಹುಮಟ್ಟಿಗೆ ಆ ನಡುಕದಿಂದಲೇ ಬರುವುದು. ನಂಬಿಕೆ ಬಾರದಿದ್ದರೆ ಒಂದೇ ಇಳಿಜಾರಿನಲ್ಲಿ ಎರಡು ಒತ್ತಡದಲ್ಲಿ, ಪೆಡಲ್ ತುಳಿಯದೆ, ಒಂದೇ ಭಂಗಿಯಲ್ಲಿ ಉರುಳಿಬಿಟ್ಟು ಎಲ್ಲಿಯವರೆಗೆ ಹೋಗುತ್ತೀರಿ ಎಂದು ನೋಡಿ. ಗಾಳಿ ಬೀಸದ ಬೆಳಗಿನ ಹೊತ್ತಿನಲ್ಲಿ ಮಾಡಬೇಕು, ಎರಡೆರಡು ಸಲ ಮಾಡಬೇಕು.

ಮಳೆಗಾಲದಲ್ಲಿ ಹಿಡಿತಕ್ಕಾಗಿ ಎಷ್ಟು ಇಳಿಸಬೇಕು?

ಮೊದಲು ಹಿಡಿತ ಎಲ್ಲಿಂದ ಬರುತ್ತದೆ ನೋಡೋಣ. ಮೃದುವಾದ ಟೈರ್ ಡಾಂಬರಿನ ಸಣ್ಣ ಸಣ್ಣ ಜಲ್ಲಿಯ ಸುತ್ತ ತುಸು ಇಳಿದು ಕೂರುತ್ತದೆ. ಅದಕ್ಕಿಂತ ಮುಖ್ಯವಾಗಿ, ಅದು ನೆಲ ಬಿಟ್ಟು ಏಳುವುದಿಲ್ಲ. ತಿರುವಿನಲ್ಲಿ ಗಟ್ಟಿ ಟೈರ್ ಒಂದು ಉಬ್ಬಿಗೆ ತಾಗಿ ಕೂದಲೆಳೆಯಷ್ಟು ಎದ್ದರೂ ಆ ಕ್ಷಣ ಹಿಡಿತ ಸೊನ್ನೆ. ಒಣ ರಸ್ತೆಯಲ್ಲಿ ಮರುಕ್ಷಣವೇ ಕಚ್ಚಿಕೊಳ್ಳುತ್ತದೆ, ಒದ್ದೆ ರಸ್ತೆಯಲ್ಲಿ ಜಾರಲು ಶುರುವಾದದ್ದು ಜಾರುತ್ತಲೇ ಹೋಗುತ್ತದೆ.

35ರ ಹೈಬ್ರಿಡ್‌ಗೆ ಮಳೆಯಲ್ಲಿ ಎರಡೂ ಕಡೆ 5 ಪಿಎಸ್ಐ ಇಳಿಸಿ. ನಮ್ಮ ಸವಾರರಿಗೆ ಹಿಂದೆ 50, ಮುಂದೆ 38 ಆಯಿತು. ಟೈರ್ ಮೇಲೆ 50 ಕನಿಷ್ಠ ಎಂದು ಬರೆದಿದ್ದರೆ ಮುಂದೆಯೂ ಅದರ ಕೆಳಗೆ ಹೋಗಬೇಡಿ. ಅಗಲ ಟೈರಿನಲ್ಲಿ ರಿಮ್‌ಗೂ ನೆಲಕ್ಕೂ ನಡುವೆ ಸಾಕಷ್ಟು ಎತ್ತರವಿರುವುದರಿಂದ ಇಷ್ಟು ಇಳಿಸಿದರೆ ಹೆದರಿಕೆಯಿಲ್ಲ.

25ರ ರೋಡ್ ಟೈರಿನ ವಿಷಯ ಹಾಗಲ್ಲ. ಹಿಡಿತಕ್ಕೆ ಇಳಿಸಬೇಕು ಎಂಬುದು ನಿಜ, ಆದರೆ ಮುಂಬೈ ಪುಣೆಯ ಮಳೆಗಾಲದಲ್ಲಿ ಗುಂಡಿಗಳು ನೀರಿನ ಕೆಳಗೆ ಅಡಗಿರುತ್ತವೆ. ಅಲ್ಲಿ ಇಳಿದಾಗ ರಿಮ್ ಉಳಿಸುವುದು ಆ ಗಾಳಿಯೇ. ಆದ್ದರಿಂದ 3ರಿಂದ 5ಕ್ಕಿಂತ ಹೆಚ್ಚು ಇಳಿಸಬೇಡಿ. ಅಷ್ಟರಲ್ಲಿ ಧೈರ್ಯ ಬಾರದಿದ್ದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಗಲದ ಟೈರ್ ಹಾಕಿಕೊಳ್ಳುವುದೇ ಸರಿಯಾದ ದಾರಿ, ಗಾಳಿ ಇನ್ನೂ ಇಳಿಸುವುದಲ್ಲ.

ಗಾಳಿಯಿಂದ ಪರಿಹಾರ ಸಿಗದ ಜಾಗಗಳೂ ಇವೆ. ಒದ್ದೆಯಾದ ಜೀಬ್ರಾ ಪಟ್ಟಿ, ಮ್ಯಾನ್‌ಹೋಲ್ ಮುಚ್ಚಳ, ಫ್ಲೈಓವರ್ ಕೂಡುಜಾಗದ ಕಬ್ಬಿಣದ ಪಟ್ಟಿ, ಗೋವಾದ ಒಳರಸ್ತೆಗಳಲ್ಲಿ ಮುರಕಲ್ಲಿನ ಗೋಡೆಯ ಪಕ್ಕ ಕಟ್ಟುವ ಪಾಚಿ ಮತ್ತು ಡಾಂಬರಿನ ಮೇಲೆ ಹರಿದು ಬಂದ ಕೆಮ್ಮಣ್ಣು. ಇವುಗಳ ಮೇಲೆ ಯಾವ ಒತ್ತಡವೂ ಕಾಪಾಡದು. ಸೈಕಲ್ಲನ್ನು ನೆಟ್ಟಗಿಟ್ಟುಕೊಂಡು, ಬ್ರೇಕ್ ಮುಟ್ಟದೆ, ತಿರುಗಿಸದೆ ದಾಟಬೇಕು. ಕಾರಿನಂತೆ ನೀರಿನ ಪದರದ ಮೇಲೆ ಟೈರ್ ತೇಲಿಬಿಡುತ್ತದೆ ಎಂಬ ಭಯ ಮಾತ್ರ ಬೇಡ. ಸೈಕಲ್ ಟೈರ್ ಕಿರಿದು, ದುಂಡಗಿದೆ, ಒತ್ತಡವೂ ಹೆಚ್ಚು. ಅದು ನೀರನ್ನು ಸೀಳಿಕೊಂಡು ನೆಲ ಮುಟ್ಟುತ್ತದೆ. ಹಾಗಾಗಿ ಡಾಂಬರಿನ ಮೇಲೆ ನಯವಾದ ಟೈರ್ ಇದ್ದರೂ ಚಿಂತೆಯಿಲ್ಲ.

ಇನ್ನೊಂದು ಮಾತು. ಮಳೆಯಲ್ಲಿ ಪಂಕ್ಚರ್ ಹೆಚ್ಚು. ನೀರು ಗಾಜಿನ ಚೂರಿಗೆ ಎಣ್ಣೆಯಂತೆ ಕೆಲಸ ಮಾಡಿ ರಬ್ಬರನ್ನು ಸುಲಭವಾಗಿ ಕೊಯ್ಯುವಂತೆ ಮಾಡುತ್ತದೆ. ಮನೆಗೆ ಬಂದ ಮೇಲೆ ಒದ್ದೆ ಬಟ್ಟೆಯಿಂದ ಟೈರ್ ಒರೆಸಿ, ಚುಚ್ಚಿಕೊಂಡ ಚೂರು ಕಂಡರೆ ಒಳಗೆ ಇಳಿಯುವ ಮೊದಲೇ ಕಿತ್ತುಹಾಕಿ.

ಪಂಕ್ಚರ್ ಆದ ಟ್ಯೂಬಿನಲ್ಲಿ ಪಕ್ಕಪಕ್ಕ ಎರಡು ತೂತು ಇವೆ. ಯಾಕೆ?

ಹಾವು ಕಚ್ಚಿದ ಗುರುತಿನಂತೆ ಎರಡು ಸಣ್ಣ ಸೀಳು ಸಮಾನಾಂತರವಾಗಿದ್ದರೆ ಕಾರಣ ಮುಳ್ಳಲ್ಲ, ಕಡಿಮೆ ಗಾಳಿ. ಗುಂಡಿಯ ಅಂಚಿಗೆ ಬಡಿದಾಗ ಟೈರ್ ಪೂರ್ತಿ ಚಪ್ಪಟೆಯಾಗಿ, ಟ್ಯೂಬು ರಿಮ್‌ನ ಎರಡು ಅಂಚಿಗೂ ನೆಲಕ್ಕೂ ನಡುವೆ ಸಿಕ್ಕಿ ಕತ್ತರಿಸಿಹೋಗುತ್ತದೆ. ಎರಡಕ್ಕೂ ಪ್ಯಾಚ್ ಹಾಕಿಸಿ, ರಿಮ್ ಅಂಚು ಬಗ್ಗಿದೆಯೇ ಎಂದು ಬೆರಳಾಡಿಸಿ ನೋಡಿ, ಮುಂದಿನ ಸಲ 5ರಿಂದ 8 ಪಿಎಸ್ಐ ಹೆಚ್ಚು ಹಾಕಿ.

ಒಂದೇ ಸೂಜಿತೂತು, ಅದೂ ನೆಲಕ್ಕೆ ತಾಗುವ ಬದಿಯಲ್ಲಿದ್ದರೆ ಹೊರಗಿನಿಂದ ಚುಚ್ಚಿದ್ದು. ಹೆದ್ದಾರಿ ಪಕ್ಕದಲ್ಲಿ ಓಡಿಸುವವರಿಗೆ ಇದು ಹೆಚ್ಚಾಗಿ ಲಾರಿ ಟೈರಿನಿಂದ ಉದುರಿದ ಕೂದಲಿನಂಥ ತಂತಿಯ ಕೆಲಸ. ಹೊಸ ಟ್ಯೂಬು ಹಾಕುವ ಮೊದಲು ಟೈರಿನ ಒಳಗೆ ಹತ್ತಿಯ ಉಂಡೆ ಎಳೆದು ನೋಡಿ, ತಂತಿಯಿದ್ದರೆ ನೂಲು ಸಿಕ್ಕಿಕೊಳ್ಳುತ್ತದೆ. ತೂತು ರಿಮ್ ಕಡೆಯ ಬದಿಯಲ್ಲಿದ್ದರೆ ರಿಮ್ ಒಳಗಿನ ತೂತುಗಳನ್ನು ಮುಚ್ಚುವ ರಿಮ್ ಟೇಪ್ ಸರಿದಿದೆ, ಗಾಲಿಯ ಕಡ್ಡಿ ಕೂರುವ ತೂತಿನ ಅಂಚು ಟ್ಯೂಬನ್ನು ಕೊರೆದಿದೆ. ಒತ್ತಡ ಹೆಚ್ಚಿದಷ್ಟೂ ಈ ತೊಂದರೆ ಹೆಚ್ಚು.

ಪಂಕ್ಚರ್ ಅಂಗಡಿಯಲ್ಲೋ ಪೆಟ್ರೋಲ್ ಬಂಕಿನಲ್ಲೋ ತುಂಬಿಸಬಹುದೇ?

ಹೈಬ್ರಿಡ್‌ಗೆ ಆಗಬಹುದು. ಅದರಲ್ಲಿ ಸಾಮಾನ್ಯವಾಗಿ ಮೋಟರ್ ಸೈಕಲ್‌ನಂಥದೇ ದಪ್ಪ ವಾಲ್ವ್ ಇರುತ್ತದೆ, ಅಲ್ಲಿನ ಮೂತಿ ನೇರ ಕೂರುತ್ತದೆ. ಆದರೆ ಕಂಪ್ರೆಸರ್ ಇರುವುದು ಕಾರು, ಲಾರಿಗಳ ದೊಡ್ಡ ಟೈರಿಗಾಗಿ. 2 ಲೀಟರ್ ಹೊಟ್ಟೆಗೆ ಅದನ್ನು ಒತ್ತಿ ಹಿಡಿದರೆ ಒಂದೆರಡು ಸೆಕೆಂಡಿನಲ್ಲಿ ಬೇಕಾದದ್ದನ್ನು ದಾಟಿಬಿಡುತ್ತದೆ. ಹುಡುಗನಿಗೆ 'ಥೋಡಾ ಥೋಡಾ' ಎಂದು ಹೇಳಿ, ಸ್ವಲ್ಪ ಸ್ವಲ್ಪವೇ ಬಿಟ್ಟು, ನಡುನಡುವೆ ಅಳೆಯಲು ಹೇಳಿ. 'ಫುಲ್ ಕರ್ ದೋ' ಎನ್ನಬೇಡಿ. 'ಪೀಛೇ ಪಚ್‌ಪನ್, ಆಗೇ ಚಾಲೀಸ್' ಎಂದು ಅಂಕಿಯನ್ನೇ ಹೇಳಿ. ಹೇಳದಿದ್ದರೆ ಅವರು ಎರಡೂ ಗಾಲಿಗೆ ಒಂದೇ ಸಮ ಹೊಡೆಯುತ್ತಾರೆ.

ರೋಡ್ ಬೈಕಿನ ಪ್ರೆಸ್ಟಾ ವಾಲ್ವ್‌ಗೆ ಬೆರಳುಗುರಿನಷ್ಟು ಚಿಕ್ಕ ಹಿತ್ತಾಳೆಯ ಅಡಾಪ್ಟರ್ ಬೇಕು. ಅದನ್ನು ಸೀಟಿನ ಚೀಲದಲ್ಲಿಟ್ಟುಕೊಂಡಿರಿ, ಆದರೆ ತುರ್ತಿಗೆ ಮಾತ್ರ. 1 ಲೀಟರ್ ಟೈರನ್ನು ಕಂಪ್ರೆಸರ್‌ಗೆ ಒಡ್ಡುವ ಅಭ್ಯಾಸ ಒಳ್ಳೆಯದಲ್ಲ.

ಎಷ್ಟು ದಿನಕ್ಕೊಮ್ಮೆ ನೋಡಬೇಕು?

ರೋಡ್ ಬೈಕಿಗೆ ಪ್ರತಿ ಸಲ ಹೊರಡುವ ಮುನ್ನ. ಹೈಬ್ರಿಡ್‌ಗೆ ವಾರಕ್ಕೊಮ್ಮೆ. ಟ್ಯೂಬಿನ ರಬ್ಬರಿನ ಮೂಲಕವೇ ಗಾಳಿ ನಿಧಾನವಾಗಿ ಸೋರುತ್ತದೆ. ಚಿಕ್ಕ ಹೊಟ್ಟೆ, ಹೆಚ್ಚು ಒತ್ತಡದ ಟೈರಿನಲ್ಲಿ ಅದು ಬೇಗ ಗೊತ್ತಾಗುತ್ತದೆ. ಕಳೆದ ಭಾನುವಾರ 86 ಹಾಕಿದ್ದು ಈ ಭಾನುವಾರಕ್ಕೆ ಎಪ್ಪತ್ತರ ಆಸುಪಾಸಿಗೆ ಇಳಿದಿದ್ದರೆ ಅದು ಪಂಕ್ಚರ್ ಅಲ್ಲ.

ಬಿಸಿಲಿನಲ್ಲಿ ನಿಲ್ಲಿಸಿದರೆ ಟೈರ್ ಸಿಡಿಯುತ್ತದೆಯೇ?

ಸರಿಯಾದ ಒತ್ತಡವಿದ್ದರೆ ಇಲ್ಲ. 25 ಡಿಗ್ರಿಯಲ್ಲಿ ತುಂಬಿಸಿದ ಟೈರ್ 45 ಡಿಗ್ರಿಗೆ ಕಾದರೆ 55 ಇದ್ದದ್ದು 60ರ ಹತ್ತಿರ ಹೋಗುತ್ತದೆ, 80 ಇದ್ದದ್ದು 86 ಆಗುತ್ತದೆ. ಗರಿಷ್ಠದ ತುದಿಗೇ ತುಂಬಿಸಿದವರು ಮಾತ್ರ ಗೆರೆ ದಾಟುತ್ತಾರೆ. ಪಕ್ಕೆ ಬಿರುಕು ಬಿಟ್ಟ ಹಳೆಯ ಟೈರ್ ಸಿಡಿಯುವುದೂ ಆಗಲೇ.

ಘಾಟಿಯ ಇಳಿಜಾರು ಇದಕ್ಕಿಂತ ಗಂಭೀರ. ಸಿಂಹಗಡದಿಂದ ಇಳಿಯುವಾಗ ರಿಮ್ ಬ್ರೇಕನ್ನು ಬಿಡದೆ ಹಿಡಿದೇ ಇದ್ದರೆ ರಿಮ್ ಕೈ ಸುಡುವಷ್ಟು ಕಾಯುತ್ತದೆ, ಆ ಬಿಸಿ ನೇರ ಟ್ಯೂಬಿಗೆ ತಾಗುತ್ತದೆ. ಬಿಟ್ಟು ಬಿಟ್ಟು, ತಿರುವಿಗೆ ಮುನ್ನ ಜೋರಾಗಿ, ಎರಡೂ ಬ್ರೇಕ್ ಹಂಚಿ ಹಿಡಿಯಿರಿ. ಮುಂದಿನ ಟೈರಿಗೆ 76ಕ್ಕಿಂತ ಹೆಚ್ಚು ಹಾಕದಿರಲು ಇದೂ ಒಂದು ಕಾರಣ. ಡಿಸ್ಕ್ ಬ್ರೇಕ್ ಇದ್ದರೆ ರಿಮ್ ಕಾಯುವುದಿಲ್ಲ.

ರೋಡ್ ಬೈಕಿಗೆ 25ರ ಬದಲು 28 ಅಥವಾ 32 ಹಾಕಿಸಬಹುದೇ?

ಜಾಗವಿದ್ದರೆ ಹಾಕಿಸಿ, ಇಲ್ಲಿನ ರಸ್ತೆಗೆ ಅದೇ ಹೊಂದುತ್ತದೆ. ಅದೇ ಸವಾರರಿಗೆ 28ರಲ್ಲಿ ಹಿಂದೆ ಸುಮಾರು 71, ಮುಂದೆ 60 ಸಾಕು. 32ರಲ್ಲಿ ಹಿಂದೆ 56, ಮುಂದೆ 48. ಟೈರ್‌ಗೂ ಫೋರ್ಕಿಗೂ ಬ್ರೇಕಿಗೂ ನಡುವೆ ಎಲ್ಲ ಕಡೆ ಕನಿಷ್ಠ 4 ಮಿಲಿಮೀಟರ್ ಬಿಡುವು ಉಳಿಯಬೇಕು. ಮಳೆಗಾಲದ ಕೆಸರಿಗೆ ಇನ್ನೂ ಹೆಚ್ಚಿದ್ದರೆ ಒಳ್ಳೆಯದು. ಅನೇಕರು 28 ಹಾಕಿಸಿಕೊಂಡು ಹಳೆಯ 88 ಪಿಎಸ್ಐಯನ್ನೇ ಮುಂದುವರಿಸುತ್ತಾರೆ, ಆಮೇಲೆ 'ಏನೂ ವ್ಯತ್ಯಾಸ ಕಾಣಲಿಲ್ಲ' ಎನ್ನುತ್ತಾರೆ. ಗಾಳಿ ಇಳಿಸದಿದ್ದರೆ ಅಗಲ ಟೈರಿನ ಹಿತ ಸಿಗುವುದಿಲ್ಲ.

ನನ್ನ ಹೈಬ್ರಿಡ್‌ಗೆ ಸಸ್ಪೆನ್ಷನ್ ಫೋರ್ಕ್ ಇದೆ. ಆದರೂ ಗಾಳಿ ಕಡಿಮೆ ಮಾಡಬೇಕೇ?

ಹೌದು. ಫೋರ್ಕ್ ಅಲುಗುವುದು ಹಂಪ್ಸ್, ಗುಂಡಿಯಂಥ ದೊಡ್ಡ ಹೊಡೆತಕ್ಕೆ. ಒರಟು ಡಾಂಬರಿನ ಸಣ್ಣ ನಡುಕಕ್ಕೆ ಒಳಗಿನ ಘರ್ಷಣೆಯೇ ಅದನ್ನು ತಡೆದು ನಿಲ್ಲಿಸುತ್ತದೆ, ಅಗ್ಗದ ಫೋರ್ಕ್‌ಗಳಲ್ಲಿ ಇನ್ನೂ ಹೆಚ್ಚು. ಆ ನಡುಕವನ್ನು ಟೈರ್ ಮಾತ್ರ ನುಂಗಬಲ್ಲದು. ಹಿಂದಿನ ಗಾಲಿಗಂತೂ ಫೋರ್ಕಿನಿಂದ ಏನೂ ಸಹಾಯವಿಲ್ಲ.

ಕ್ಯಾರಿಯರ್ ಮೇಲೆ ಸಾಮಾನು ಹೇರಿದರೆ?

ಕ್ಯಾರಿಯರ್ ಭಾರ ಹೆಚ್ಚುಕಡಿಮೆ ಪೂರ್ತಿ ಹಿಂದಿನ ಗಾಲಿಗೇ ಬೀಳುತ್ತದೆ. ದಾದರ್ ಮಾರ್ಕೆಟ್ಟಿನಿಂದ 10 ಕಿಲೋ ಅಕ್ಕಿ, ತರಕಾರಿ ತರುವುದಾದರೆ 35ರ ಟೈರಿನಲ್ಲಿ ಹಿಂದೆ 10ರಿಂದ 12 ಪಿಎಸ್ಐ ಸೇರಿಸಿ, ಮುಂದೆ ಇದ್ದಷ್ಟೇ ಇರಲಿ. ನಮ್ಮ ಸವಾರರಿಗೆ ಅದು 67ರ ಹತ್ತಿರ ಆಗುತ್ತದೆ, 85ರ ಗರಿಷ್ಠದೊಳಗೇ ಇದೆ. ಮನೆ ತಲುಪಿ ಸಾಮಾನು ಇಳಿಸಿದ ಮೇಲೆ ಮರುದಿನ ಆಫೀಸಿಗೆ ಹೊರಡುವ ಮುನ್ನ ಮತ್ತೆ 55ಕ್ಕೆ ಇಳಿಸಿಕೊಳ್ಳಿ. 25ರ ಟೈರಿನ ರೋಡ್ ಬೈಕಿನ ಹಿಂದೆ ಅಷ್ಟು ಭಾರ ಹೇರಬೇಡಿ. ಲೆಕ್ಕ 100 ದಾಟಿಹೋಗುತ್ತದೆ, ಆ ಒತ್ತಡದಲ್ಲಿ ಹಿತವೂ ಉಳಿಯುವುದಿಲ್ಲ, ಹಿಡಿತವೂ ಉಳಿಯುವುದಿಲ್ಲ.